ಎಲ್ಲರೂ ಉಂಡ ಮೇಲೆ ಸಾರಿನ ತಳದಲ್ಲಿ ಹಲ್ಲಿ ಸಿಕ್ಕಿತು

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಮೊನ್ನೆ ರಾತ್ರಿ ಹಿತಕಿದ ಬೇಳೆ ಸಾರು ಜಾಸ್ತಿ ಮಾಡಿದ್ದೆ. ಉಳಿದದ್ದನ್ನು ಮುಚ್ಚಳ ಸ್ವಲ್ಪ ಓರೆ ಮಾಡಿ ಒಲೆ ಪಕ್ಕದಲ್ಲೇ ಬಿಟ್ಟಿದ್ದೆ. ಬೆಳಗ್ಗೆ ಬಿಸಿ ಮಾಡಿ ಎಲ್ಲರೂ ಮುದ್ದೆ ಜೊತೆ ಉಂಡೆವು. ಕೊನೆಗೆ ತಳ ಕೆದಕಿದಾಗ ಸೌಟಿಗೆ ಸತ್ತ ಹಲ್ಲಿ ಬಂತು. ನೋಡಿದ ತಕ್ಷಣ ನನಗೆ ವಾಂತಿ ಆಯ್ತು. ನಮ್ಮತ್ತೆ ಆರು ವರ್ಷದ ಮಗನಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿದರು. ಆಮೇಲೆ ಯಾರಿಗೂ ಏನೂ ಆಗಲಿಲ್ಲ, ಆದ್ರೂ ಭಯ ಹೋಗಿಲ್ಲ. ಹಲ್ಲಿ ವಿಷ ಅಲ್ವಾ? ಚೆನ್ನಾಗಿ ಕುದಿಸಿದ್ದರೆ ತಿನ್ನಬಹುದಿತ್ತಾ? ಇರುವೆ, ಜಿರಳೆ ಬಿದ್ದರೂ ಹೀಗೇನಾ?

ಉತ್ತರ: ಅಲ್ಲ, ನಮ್ಮ ಮನೆ ಗೋಡೆ ಮೇಲೆ ಲೊಚಗುಟ್ಟುವ ಹಲ್ಲಿಯಲ್ಲಿ ವಿಷ ಇಲ್ಲ. ಅದರ ಹಲ್ಲಲ್ಲೂ ಇಲ್ಲ, ಚರ್ಮದಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ನಿಮ್ಮ ಪ್ರಶ್ನೆ ನನ್ನ ಕೈಗೆ ಬರುವಷ್ಟರಲ್ಲಿ ಮೂರು ದಿನ ದಾಟಿದೆ. ಇಷ್ಟು ಹೊತ್ತಿಗೆ ಯಾರಿಗೂ ಜ್ವರ, ಭೇದಿ ಬಂದಿಲ್ಲ ಅಂದರೆ ನೀವು ಪಾರಾದಿರಿ ಅಂತಲೇ ಅರ್ಥ.

ವಿಷ ಇಲ್ಲ ಅಂದ ಮಾತ್ರಕ್ಕೆ ಆ ಸಾರು ಒಳ್ಳೆಯದು ಅಂತಲ್ಲ. ಹಲ್ಲಿಯ ಹೊಟ್ಟೆಯಲ್ಲಿ, ಹಿಕ್ಕೆಯಲ್ಲಿ ಎಷ್ಟೋ ಸಲ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಹಲ್ಲಿಗೆ ಅದರಿಂದ ತೊಂದರೆ ಆಗೋದು ಕಡಿಮೆ. ನಮ್ಮ ಹೊಟ್ಟೆಗೆ ಹೋದರೆ ಜ್ವರ, ಹೊಟ್ಟೆ ನುಲಿತ, ಭೇದಿ. ಹಾಗಾಗಿ ಹಲ್ಲಿ ಬಿದ್ದ ಅಡುಗೆ ವಿಚಾರದಲ್ಲಿ ನಾನು ಕೇಳೋದು ಎರಡೇ ಪ್ರಶ್ನೆ. ಅದು ಬಿದ್ದಾಗ ಸಾರು ಎಷ್ಟು ಬಿಸಿ ಇತ್ತು? ಬಿದ್ದ ಮೇಲೆ ಎಷ್ಟು ಹೊತ್ತು ಅದರಲ್ಲೇ ಇತ್ತು?

ನಿಮ್ಮ ಮನೆಯದನ್ನೇ ನೋಡೋಣ. ರಾತ್ರಿ ಒಂಬತ್ತಕ್ಕೆ ಒಲೆ ಆರಿಸಿದಿರಿ ಅಂತ ಇಟ್ಟುಕೊಳ್ಳಿ. ದೊಡ್ಡ ಪಾತ್ರೆ ತುಂಬಾ ಗಟ್ಟಿ ಸಾರು ಬೇಗ ಆರೋದಿಲ್ಲ. ಹನ್ನೊಂದಕ್ಕೂ ಒಳಗೆ ಬೆಚ್ಚಗೇ ಇರುತ್ತದೆ. ಹಲ್ಲಿ ಯಾವಾಗ ಬಿತ್ತು ಅಂತ ಹೇಳೋಕೆ ಆಗಲ್ಲ. ಕುದಿಯುವಾಗಲೇ ಬಿದ್ದಿದ್ದರೆ ಅದರ ಜೊತೆ ಬ್ಯಾಕ್ಟೀರಿಯಾವೂ ಬೆಂದು ಹೋಗಿರುತ್ತದೆ. ಸಾಲ್ಮೊನೆಲ್ಲಾಗೆ 75 ಡಿಗ್ರಿ ಶಾಖ ತಡೆಯೋಕೆ ಆಗಲ್ಲ. ಆದರೆ ನಡುರಾತ್ರಿ ಉಗುರು ಬೆಚ್ಚಗಿನ ಸಾರಿಗೆ ಬಿದ್ದಿದ್ದರೆ ಕಥೆ ಬೇರೆ. ಆ ಶಾಖದಲ್ಲಿ ಬ್ಯಾಕ್ಟೀರಿಯಾ ಸುಮಾರು ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎರಡರಷ್ಟು ಆಗುತ್ತದೆ. ಬೆಳಗ್ಗೆ ಏಳರ ಹೊತ್ತಿಗೆ ಎಷ್ಟಾಗಿರಬಹುದು, ನೀವೇ ಲೆಕ್ಕ ಹಾಕಿ.

ಬೆಳಗ್ಗೆ ಬಿಸಿ ಮಾಡಿದೆವು ಅಂತೀರಿ. ಬಿಸಿ ಮಾಡೋದು ಬೇರೆ, ಕುದಿಸೋದು ಬೇರೆ. ಅಂಚಿನಲ್ಲಿ ನಾಲ್ಕು ಗುಳ್ಳೆ ಬಂದ ತಕ್ಷಣ ಇಳಿಸಿದರೆ ನಡುವಿನ ಸಾರು ಇನ್ನೂ ಅರೆಬಿಸಿ ಇರುತ್ತದೆ. ತಳದಿಂದ ತಿರುವಿ, ಪಾತ್ರೆ ಪೂರ್ತಿ ಕೊತಕೊತ ಕುದಿಯಬೇಕು. ನಿಮ್ಮವರಿಗೆ ಏನೂ ಆಗಿಲ್ಲ ಅಂದರೆ ಬಹುಶಃ ಚೆನ್ನಾಗೇ ಕುದಿಸಿದ್ದೀರಿ.

ಈಗ ಜನ ಅಷ್ಟಾಗಿ ಯೋಚನೆ ಮಾಡದ ಒಂದು ವಿಷಯ ಹೇಳುತ್ತೇನೆ. ಹಲ್ಲಿ ಬೀಳದೇ ಇದ್ದಿದ್ದರೂ ಆ ಸಾರು ಅಪಾಯದ್ದೇ. ಬೇಳೆಕಾಳು, ಅಕ್ಕಿಯಲ್ಲಿ ಮಣ್ಣಿನಿಂದ ಬಂದ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಕುದಿಸಿದರೆ ಇದು ಸಾಯೋದಿಲ್ಲ, ಗಟ್ಟಿ ಬೀಜದ ಥರ ಕವಚ ಕಟ್ಟಿಕೊಂಡು ಉಳಿಯುತ್ತದೆ. ಸಾರು ಆರುತ್ತಾ ಬಂದಾಗ ಮೊಳಕೆ ಒಡೆದು ಬೆಳೆಯುತ್ತದೆ. ಕೆಲವು ಬಗೆಯವು ಬೆಳೆಯುತ್ತಾ ವಿಷ ಬಿಡುತ್ತವೆ. ಆ ವಿಷ ಮತ್ತೆ ಎಷ್ಟು ಕುದಿಸಿದರೂ ಹೋಗೋದಿಲ್ಲ. ಕೋಲಾರದ ಕಡೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. "ಹಲ್ಲಿ ಬಿದ್ದ ಊಟ" ಅಂತ ಬಂದವರನ್ನು ಕೂರಿಸಿ ಕೇಳಿದರೆ ಎಷ್ಟೋ ಸಲ ಅದು ಹಿಂದಿನ ರಾತ್ರಿಯ ಅಡುಗೆಯೇ ಆಗಿರುತ್ತಿತ್ತು. ಹಲ್ಲಿ ಕಣ್ಣಿಗೆ ಕಾಣುತ್ತದೆ, ಬೈಗುಳ ಅದಕ್ಕೆ. ರಾತ್ರಿಯಿಡೀ ಹೊರಗಿದ್ದ ಸಾರನ್ನು ಯಾರೂ ಅನುಮಾನಿಸೋದಿಲ್ಲ.

ಹಾಗಾದರೆ ನಿಮಗೆ ತಕ್ಷಣ ಯಾಕೆ ವಾಂತಿ ಆಯ್ತು? ಹೇಸಿಗೆಗೆ, ಹೆದರಿಕೆಗೆ. ಅದು ನಾಟಕ ಅಲ್ಲ, ಹೊಟ್ಟೆ ನಿಜವಾಗಿಯೂ ತೊಳೆಸುತ್ತದೆ. ಶಾಲೆಯ ಬಿಸಿಯೂಟದಲ್ಲಿ ಹಲ್ಲಿ ಕಂಡು ಒಂದು ಮಗು ವಾಂತಿ ಮಾಡಿದರೆ ಸಾಲಲ್ಲಿ ಕೂತ ಹತ್ತು ಮಕ್ಕಳು ಮಾಡೋದು ಇದೇ ಕಾರಣಕ್ಕೆ. ಖಾಯಿಲೆಯ ವಾಂತಿಗೆ ಹೊತ್ತು ಬೇಕು. ಹೊರಗಿಟ್ಟ ಅಡುಗೆಯಲ್ಲಿ ಮೊದಲೇ ವಿಷ ಹುಟ್ಟಿದ್ದರೆ ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಸಾಲ್ಮೊನೆಲ್ಲಾ ಆದರೆ ಸಾಮಾನ್ಯವಾಗಿ ಆರು ಗಂಟೆಯಿಂದ ಮೂರು ದಿನದೊಳಗೆ ಭೇದಿ, ಜ್ವರ ಕಾಣಿಸುತ್ತದೆ. ಮೂರು ದಿನ ಕಾಯಿರಿ ಅನ್ನೋದು ಅದಕ್ಕೇ.

ಉಂಡ ಅರ್ಧ ಒಂದು ಗಂಟೆಯಲ್ಲೇ ಜೊಲ್ಲು ಸುರಿಯುವುದು, ಮೈ ಬೆವರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣಗಾಗುವುದು, ಉಸಿರು ಕಟ್ಟುವುದು ಕಂಡರೆ ಮಾತ್ರ ಹಲ್ಲಿಯನ್ನು ಮರೆತುಬಿಡಿ. ಅದು ಕೀಟನಾಶಕ. ನಮ್ಮ ಕಡೆ ಟೊಮೆಟೊಗೆ ಹೊಡೆಯುವ ಔಷಧಿ ಡಬ್ಬ ಅಡುಗೆ ಮನೆ ಮೂಲೆಯಲ್ಲೇ ಇರುತ್ತದೆ, ಅಳತೆಗೆ ತಂದ ಲೋಟ ಮತ್ತೆ ಅಡುಗೆಗೆ ಬರುತ್ತದೆ. ಅಂಥ ಲಕ್ಷಣ ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಡಬ್ಬವನ್ನೂ, ಉಳಿದ ಸಾರನ್ನೂ ಜೊತೆಗೆ ಒಯ್ಯಿರಿ.

ಉಪ್ಪು ನೀರಿನ ವಿಷಯ. ನಿಮ್ಮತ್ತೆ ಮಾಡಿದ್ದು ಮೊಮ್ಮಗನ ಮೇಲಿನ ಪ್ರೀತಿಗೆ, ಅವರನ್ನು ಬೈಯಬೇಡಿ. ಆದರೆ ಇನ್ಮೇಲೆ ಮಾಡಬೇಡಿ. ಗಟ್ಟಿ ಉಪ್ಪು ನೀರು ಕುಡಿದ ಮಗು ವಾಂತಿ ಮಾಡದೇ ಹೋದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತದೆ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ಹಲ್ಲಿ ಬಿದ್ದ ಸಾರಿಗಿಂತ ಆ ಲೋಟದ ನೀರೇ ನಿಮ್ಮ ಮಗನಿಗೆ ಜಾಸ್ತಿ ಅಪಾಯದ್ದಾಗಿತ್ತು. ಬೆರಳು ಹಾಕಿ ಕಕ್ಕಿಸುವುದೂ ಬೇಡ.

ಉಂಡಾಗಿದ್ದರೆ, ಆರೋಗ್ಯವಾಗಿದ್ದರೆ, ಔಷಧಿ ಏನೂ ಬೇಕಿಲ್ಲ. ಸುಮ್ನೆ ಗಮನಿಸುತ್ತಾ ಇರಿ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಅಂದರೆ ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಕಲಸಿ ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸಮ ಮಾಡಿ ಅಳೆದದ್ದು. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಬೇಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಕುಡಿದದ್ದು ನಿಲ್ಲದ ವಾಂತಿ, ಆರು ಗಂಟೆಯಿಂದ ಮೂತ್ರ ಇಲ್ಲ, ಮಗು ಮಂಕಾಗಿದೆ ಅಂದರೆ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿ ಹಸುಗೂಸು, ಬಸುರಿ ಹೆಂಗಸು, ವಯಸ್ಸಾದವರು ಇದ್ದರೆ ಇಷ್ಟೆಲ್ಲಾ ಆಗುವವರೆಗೂ ಕಾಯಬೇಡಿ.

ಉಣ್ಣುವ ಮೊದಲೇ ಹಲ್ಲಿ ಕಂಡಿದ್ದರೆ? ಕುದಿಸಿ ತಿನ್ನಬಹುದಿತ್ತಾ ಅಂದಿರಿ. ಕುದಿಯುವ ಸಾರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೆ ಖಾಯಿಲೆ ಬರುವ ಸಂಭವ ಕಡಿಮೆ, ನಿಜ. ಆದರೂ ನಾನು ಚೆಲ್ಲುತ್ತೇನೆ. ಬೆಂದ ಹಲ್ಲಿಯ ಹೊಟ್ಟೆ ಒಡೆದು ಒಳಗಿದ್ದದ್ದು ಸಾರಿಗೇ ಸೇರುತ್ತದೆ, ಅದನ್ನು ಉಣ್ಣುವಷ್ಟು ಬಡತನ ಯಾರಿಗೂ ಬೇಡ. ಯಾವಾಗ ಬಿತ್ತೋ ಗೊತ್ತಿಲ್ಲ ಅಂದರೆ ಯೋಚನೆಯೇ ಇಲ್ಲ, ಚೆಲ್ಲಲೇಬೇಕು. ಹಾಲು, ಮೊಸರು, ಮಜ್ಜಿಗೆ, ಚಟ್ನಿಯೂ ಅಷ್ಟೇ. ನಾಯಿಗೂ ಕೋಳಿಗೂ ಹಾಕಬೇಡಿ, ತಿಪ್ಪೆಯಲ್ಲಿ ಗುಂಡಿ ತೋಡಿ ಮುಚ್ಚಿ. ಪಾತ್ರೆ ಎಸೆಯಬೇಕಿಲ್ಲ. ಸೋಪು ಹಾಕಿ ಉಜ್ಜಿ, ಆಮೇಲೆ ಕುದಿಯುವ ನೀರು ಸುರಿದರೆ ಸಾಕು. ಸೌಟನ್ನೂ ಒಲೆ ಕಟ್ಟೆಯನ್ನೂ ಮರೆಯಬೇಡಿ.

ಹುಳುಗಳ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇರುವೆ ಬಿದ್ದರೆ ತೆಗೆದು ತಿನ್ನಿ. ಅವರೆಕಾಯಿ ಸುಲಿಯುವಾಗ ಹುಳ ಸಿಗದ ಮನೆ ನಮ್ಮ ಜಿಲ್ಲೆಯಲ್ಲಿ ಯಾವುದಿದೆ? ಒಂದೆರಡು ಸಾರಿನಲ್ಲಿ ಬೆಂದಿದ್ದರೂ ಏನೂ ಆಗಲ್ಲ. ನೊಣ ಬಿಸಿ ಅಡುಗೆಗೆ ಬಿದ್ದರೆ ತೆಗೆದು ಒಮ್ಮೆ ಕುದಿಸಿ, ತಣ್ಣಗಿನದಕ್ಕೆ ಬಿದ್ದು ಗಂಟೆಗಟ್ಟಲೆ ಆಗಿದ್ದರೆ ಬೇಡ. ಜಿರಳೆ ಮೋರಿಯಿಂದ ಬರೋದು, ಹಲ್ಲಿಗೆ ಹೇಳಿದ್ದೇ ಅದಕ್ಕೂ. ನಿಜವಾದ ವಿಷ ಇರುವ ಹುಳ ಒಂದಿದೆ. ಮಳೆಗಾಲದ ಕೊನೆಗೆ ತೊಗರಿ, ಅಲಸಂದೆ ಹೂವಿನ ಮೇಲೆ ಕೂರುವ, ಕಪ್ಪು ಮತ್ತು ಕಿತ್ತಳೆ ಪಟ್ಟೆಯ ಜೀರುಂಡೆ. ಅದರ ರಸ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಆ ವಿಷ ಕುದಿಸಿದರೂ ಹೋಗಲ್ಲ. ಸೊಪ್ಪಿನ ಜೊತೆ ಬಂದು ಅಡುಗೆಗೆ ಬಿದ್ದದ್ದು ಕಂಡರೆ ಪಾತ್ರೆ ಪೂರ್ತಿ ಚೆಲ್ಲಿ. ತಿಂದವರಿಗೆ ಬಾಯಿ, ಗಂಟಲು ಉರಿ, ಮೂತ್ರದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ. ಹಲ್ಲಿಗೆ ಹೆದರಿ ಹೌಹಾರುವ ನಾವು ಇದನ್ನು ಕೈಯಲ್ಲಿ ಹಿಡಿದು ಆಚೆ ಎಸೆಯುತ್ತೇವೆ, ನೋಡಿ!

ಮುಚ್ಚಳವನ್ನು ನೀವು ಓರೆ ಮಾಡಿದ್ದು ಯಾಕೆ ಅಂತ ಗೊತ್ತು. ಪೂರ್ತಿ ಮುಚ್ಚಿದರೆ ಬೆವೆತು ಸಾರು ಹಳಸುತ್ತದೆ ಅಂತ. ಅದರ ಬದಲು ಉಳಿದ ಸಾರನ್ನು ಎರಡು ಮೂರು ಅಗಲದ ಪಾತ್ರೆಗೆ ಹಂಚಿ, ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಇಡಿ, ಮೇಲೆ ತೂತಿನ ತಟ್ಟೆಯನ್ನೋ ತೆಳು ಬಟ್ಟೆಯನ್ನೋ ಬಿಗಿಯಾಗಿ ಮುಚ್ಚಿ. ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಫ್ರಿಜ್ ಇಲ್ಲದಿದ್ದರೆ ರಾತ್ರಿಗೆ ಬೇಕಾದಷ್ಟೇ ಮಾಡಿ. ಹಿತಕಿದ ಬೇಳೆ ಸಾರು ಮರುದಿನಕ್ಕೆ ಇನ್ನೂ ರುಚಿ ಅನ್ನೋದು ನನಗೂ ಗೊತ್ತು, ಆದರೂ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಒಲೆಯ ಮೇಲ್ಗಡೆಯೇ ಟ್ಯೂಬ್‌ಲೈಟ್ ಇದೆಯಾ ನೋಡಿ. ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ, ಕೆಳಗೆ ನಿಮ್ಮ ಪಾತ್ರೆ ಇರುತ್ತದೆ. ದೀಪವನ್ನು ಎದುರು ಗೋಡೆಗೆ ಬದಲಾಯಿಸಿ. ಆಗದಿದ್ದರೆ ಪಾತ್ರೆಯನ್ನಾದರೂ ಅದರ ಕೆಳಗಿಂದ ಎತ್ತಿಡಿ.