ಬೇವು ಕಟ್ಟಿದ್ದೀರಿ ಸರಿ, ತಾರೀಖು ಬರ್ಕೊಂಡ್ರಾ?

ಪತ್ರ: "ನನ್ನ ಹೆಂಡತಿ 30 ವಾರದ ಬಸುರಿ. ಅಕ್ಕನ ಮಗ 8 ಮತ್ತು 9ನೇ ತಾರೀಖು ನಮ್ಮನೇಲಿದ್ದು ಹೋದ, 10ಕ್ಕೆ ಅವನಿಗೆ ಅಮ್ಮ, ಅಂದ್ರೆ ಚಿಕನ್‌ಪಾಕ್ಸ್, ಎದ್ದಿದೆ. ಇವಳಿಗೆ ಚಿಕ್ಕಂದಿನಲ್ಲಿ ಆಗಿತ್ತೋ ಇಲ್ವೋ ಯಾರಿಗೂ ನೆನಪಿಲ್ಲ. ನಮ್ಮಮ್ಮ ಬಾಗಿಲಿಗೆ ಬೇವು ಕಟ್ಟಿ, ಸುಮ್ನಿರಿ, ಗುಳ್ಳೆ ಎದ್ರೆ ನೋಡೋಣ ಅಂತಾರೆ. ಕಾಯೋದಾ? - ಸೋಮವಾರಪೇಟೆ ಕಡೆಯ ಓದುಗ, 12ನೇ ತಾರೀಖು"

ಉತ್ತರ: ಕಾಯ್ಬೇಡಿ. ತಾರೀಖು ಹಾಕಿ ಬರೆದಿದ್ದೀರಲ್ಲ, ಅದಕ್ಕೇ ನಿಮ್ಮ ಪತ್ರ ಆರಿಸಿದ್ದು. ಎಷ್ಟೋ ಜನ "ಮೊನ್ನೆ ಮೊನ್ನೆ" ಅಂತ ಬರೀತಾರೆ, ಆ ಮೊನ್ನೇಲಿ ಏನು ಲೆಕ್ಕ ಹಾಕೋದು ಹೇಳಿ.

ನಿಮ್ಮಮ್ಮನ ಬೇವಿಗೆ ನನ್ನ ತಕರಾರಿಲ್ಲ. ಬೇವು ಕಟ್ಟಿದ ಮನೆಗೆ ಹೊರಗಿನವರು ಬರಲ್ಲ, ಅದು ಒಳ್ಳೇದೇ. ಆದ್ರೆ ಆ ಹುಡುಗ ಗುಳ್ಳೆ ಏಳೋಕೆ ಎರಡು ದಿನ ಮೊದ್ಲಿಂದಾನೇ ಅಂಟಿಸ್ತಿದ್ದ, ಅಂದ್ರೆ ನಿಮ್ಮನೇಲಿ ಇದ್ದ 8, 9 ಎರಡೂ ದಿನ. ಒಂದೇ ಕೋಣೇಲಿ ಹದಿನೈದು ನಿಮಿಷ ಕೂತ್ರೂ ಸಾಕು, ನಿಮ್ಮಲ್ಲಿ ಎರಡು ದಿನ ಒಟ್ಟಿಗೇ ಊಟ ಆಗಿದೆ.

ಈಗ ಮೊದ್ಲು ಅತ್ತೆಗೆ ಫೋನ್ ಮಾಡಿ. ಮಗಳಿಗೆ ಆಗಿತ್ತಾ, ಗುಳ್ಳೆಯಲ್ಲಿ ನೀರು ತುಂಬಿತ್ತಾ, ಹಕ್ಕಳೆ ಕಟ್ಟಿತ್ತಾ, ಹಣೆ ಮೇಲೆ ಹಳೇ ಗುಳಿ ಏನಾದ್ರೂ ಉಳಿದಿದೆಯಾ ಅಂತ ಕೇಳಿ. ಹೌದು, ಖಂಡಿತ ಆಗಿತ್ತು ಅಂದ್ರೆ ಬಹುತೇಕ ನಿರಾಳ. ನೆನಪಿಲ್ಲ ಅಂದ್ರೆ ಇವತ್ತೇ ಹೆಂಡತಿಯ ರಕ್ತ ಟೆಸ್ಟಿಗೆ ಕೊಡಿ, ವ್ಯಾರಿಸೆಲ್ಲಾ ಐಜಿಜಿ ಅಂತ ಟೆಸ್ಟ್, ವ್ಯಾರಿಸೆಲ್ಲಾ ಅಂದ್ರೆ ಚಿಕನ್‌ಪಾಕ್ಸೇ. ಪಾಸಿಟಿವ್ ಬಂದ್ರೆ ಹೆದರ್ಬೇಡಿ, ಅದು ರೋಗ ಅಲ್ಲ, ರಕ್ಷಣೆ ಇದೆ ಅಂತ ಅರ್ಥ. ಈ ಒಂದು ಮಾತು ತಿಳಿಯದೆ ರಿಪೋರ್ಟ್ ಹಿಡ್ಕೊಂಡು ಅತ್ತವರನ್ನ ನಾನೇ ನೋಡಿದೀನಿ.

ನೆಗೆಟಿವ್ ಬಂದ್ರೆ ನಿಮ್ಮ ತಾರೀಖು ಕೆಲಸಕ್ಕೆ ಬರುತ್ತೆ. ಮೊದಲು ತಾಗಿದ್ದು 8ಕ್ಕೆ. ಆ ದಿನದಿಂದ ಹತ್ತು ದಿನದೊಳಗೆ ವ್ಯಾರಿಸೆಲ್ಲಾ ಇಮ್ಯುನೋಗ್ಲೋಬುಲಿನ್ ಅನ್ನೋ ಇಂಜೆಕ್ಷನ್ ಕೊಡ್ಬಹುದು, ಬೇಗ ಆದಷ್ಟೂ ಒಳ್ಳೇದು, ಆದ್ರೆ ದುಬಾರಿ, ನಮ್ಮ ಕಡೆ ಅಂಗಡೀಲಿ ಸುಲಭಕ್ಕೆ ಸಿಗಲ್ಲ. ಬ್ರಿಟನ್ನಿನಲ್ಲಿ ಈಗ ಹೆಚ್ಚಾಗಿ ವೈರಸ್ ತಡೆಯೋ ಏಸೈಕ್ಲೋವಿರ್ ಮಾತ್ರೆ ಕೊಡ್ತಾರೆ, 800 ಮಿಗ್ರಾಂ ದಿನಕ್ಕೆ ನಾಲ್ಕು ಸಲ, ಸಂಪರ್ಕವಾದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ. ನಿಮಗೆ ಏಳನೇ ದಿನ 15ನೇ ತಾರೀಖು, ಅಂದ್ರೆ ಇನ್ನೂ ಮೂರು ದಿನ ಕೈಲಿದೆ. ಯಾವುದು ಅಂತ ಹೆರಿಗೆ ಡಾಕ್ಟ್ರು ಹೇಳ್ಲಿ, ನೀವೇ ಮೆಡಿಕಲ್ ಅಂಗಡಿಗೆ ಹೋಗಿ ತಗೋಬೇಡಿ. ಚಿಕನ್‌ಪಾಕ್ಸ್ ಲಸಿಕೆ ಮಾತ್ರ ಈಗ ಬೇಡ್ವೇ ಬೇಡ, ಅದು ಜೀವಂತ ವೈರಸ್‌ದು, ಬಸುರೀಲಿ ಕೊಡಲ್ಲ.

ಮಗುವಿಗೆ ಅಂಗವೈಕಲ್ಯ ಆಗುತ್ತಾ ಅನ್ನೋ ಭಯ ಹೆಚ್ಚಾಗಿ ಮೊದಲ 20 ವಾರದ್ದು, ಆಗಲೂ ಅಪರೂಪ. 30 ವಾರದಲ್ಲಿ ಭಯ ತಾಯಿಯ ಶ್ವಾಸಕೋಶದ್ದು. 30ನೇ ತಾರೀಖಿನವರೆಗೆ ದಿನಾ ಬೆಳಿಗ್ಗೆ ಎದೆ, ಹೊಟ್ಟೆ, ತಲೆಗೂದಲ ಬುಡ ನೋಡಿ, ಇಮ್ಯುನೋಗ್ಲೋಬುಲಿನ್ ಕೊಟ್ಟಿದ್ರೆ ಇನ್ನೊಂದು ವಾರ ಜಾಸ್ತಿ. ಕೆಂಪು ಚುಕ್ಕೆ, ನೀರಿನ ಗುಳ್ಳೆ, ಹಕ್ಕಳೆ ಮೂರೂ ಒಂದೇ ಜಾಗದಲ್ಲಿ ಒಟ್ಟಿಗೆ ಕಂಡ್ರೆ ಅದೇ. ಆದ್ರೆ ಹಕ್ಕಳೆವರೆಗೂ ಕಾಯ್ಬೇಡಿ, ಮೊದಲ ಗುಳ್ಳೆಗೇ ಡಾಕ್ಟ್ರಿಗೆ ಹೇಳಿ, ಯಾಕಂದ್ರೆ ಏಸೈಕ್ಲೋವಿರ್ ಮೊದಲ 24 ಗಂಟೇಲಿ ಶುರುವಾದ್ರೇ ಚೆನ್ನಾಗಿ ಹಿಡಿಯೋದು. ಕೆಮ್ಮು, ಏದುಸಿರು ಬಂದ್ರೆ ರಾತ್ರಿ ಹನ್ನೆರಡಾಗಿರ್ಲಿ, ಮಂಜು ಕವಿದಿರ್ಲಿ, ಹೊರಡಿ.

ನಮ್ಮ ಸಂಬಂಧಿಯೊಬ್ಬಳಿಗೆ ಹೆರಿಗೆಗೆ ಮೂರು ದಿನ ಮುಂಚೆ ಗುಳ್ಳೆ ಎದ್ದಿತ್ತು, ಮನೆಯವರು "ಜನ ಏನಂತಾರೋ" ಅಂತ ಮುಚ್ಚಿಟ್ಟು ಹೆರಿಗೆ ಕೋಣೆಗೆ ಕರ್ಕೊಂಡ್ ಹೋದ್ರು. ಹೆರಿಗೆಗೆ ಐದು ದಿನ ಮುಂಚಿಂದ ಎರಡು ದಿನ ಆಮೇಲಿನವರೆಗೆ ತಾಯಿಗೆ ಎದ್ರೆ ಮಗೂಗೆ ತೀರಾ ಅಪಾಯ, ತಾಯಿಯ ರಕ್ಷಣೆ ಹೊಟ್ಟೇಲಿರೋ ಮಗುವಿಗೆ ತಲುಪೋಕೆ ಟೈಮೇ ಸಿಕ್ಕಿರಲ್ಲ, ಹುಟ್ಟಿದ ಕೂಡ್ಲೇ ಮಗೂಗೆ ಅದೇ ಇಮ್ಯುನೋಗ್ಲೋಬುಲಿನ್ ಇಂಜೆಕ್ಷನ್ ಬೇಕು. ಅವಳ ತೋಳಿನ ಗುಳ್ಳೆ ಒಬ್ಬ ನರ್ಸಮ್ಮನ ಕಣ್ಣಿಗೆ ಬಿತ್ತು, ಮಗು ಉಳೀತು. ಹಾಲು ಕುಡಿಸೋದನ್ನ ಮಾತ್ರ ಯಾರೂ ನಿಲ್ಲಿಸ್ಲಿಲ್ಲ, ನಿಲ್ಲಿಸ್ಬಾರ್ದು ಕೂಡ.

ಈ ಮುಚ್ಚಿಡೋ ಚಾಳಿ ಮೇಲೆ ನನಗೆ ಕೋಪ. ಕಾಫಿ ಕುಯ್ಲಿನ ಟೈಮಲ್ಲಿ ಲೈನ್ ಮನೇಲಿ ಯಾವುದೋ ಮಗುವಿಗೆ ಎದ್ರೂ, ಕೂಲಿ ತಪ್ಪುತ್ತೆ ಅಂತ ಯಾರೂ ಬಾಯಿ ಬಿಡಲ್ಲ, ಪಕ್ಕದ ಕೋಣೇಲಿ ಬಸುರಿ ಇರ್ತಾಳೆ. ಅವರನ್ನ ಬೈಯೋದು ಹೇಗೆ, ರಜೆ ಕೊಟ್ಟು ಕೂಲಿ ಕೊಡೋ ಧಣಿ ಎಷ್ಟು ಜನ ಇದ್ದಾರೆ? ಜಪಾನಿನ ವೈದ್ಯ ಮಿಚಿಯಾಕಿ ತಕಹಾಶಿ ಸ್ವಂತ ಮಗನಿಗೆ ಎದ್ದಿದ್ದು ನೋಡಿ 1974ರಲ್ಲೇ ಲಸಿಕೆ ತಂದ್ರು, ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದು ಇನ್ನೂ ಇಲ್ಲ, ದುಡ್ಡು ಕೊಟ್ಟು ಹಾಕಿಸ್ಬೇಕು. ಮದುವೆಗೆ ಒಡವೆ ಲೆಕ್ಕ ಹಾಕ್ತಾರೆ, ಹುಡುಗಿಗೆ ಅಮ್ಮ ಆಗಿತ್ತಾ ಅಂತ ಕೇಳೋರಿಲ್ಲ, ಆಗಿಲ್ಲ ಅಂದ್ರೆ ಬಸುರಿಗೆ ಮುಂಚೆ ಎರಡು ಡೋಸ್ ಹಾಕಿಸ್ಬಹುದು. ನಿಮ್ಮ ಮನೆಯವ್ರಿಗೂ ರಕ್ಷಣೆ ಇಲ್ಲ ಅಂತ ಗೊತ್ತಾಗಿ ಈ ಸಲ ಗುಳ್ಳೆ ಏಳದೇ ಪಾರಾದ್ರೆ, ಹೆರಿಗೆ ಆದ್ಮೇಲೆ ಹಾಕಿಸಿ.

ಇನ್ನೊಂದು, 16ರಿಂದ ನಿಮ್ಮ ಮನೆಯವ್ರೇ ಬೇರೆಯವ್ರಿಗೆ ಅಂಟಿಸಬಹುದು, ರೂಢಿಯಂತೆ ಚೆಕಪ್‌ಗೆ ಹೋಗಿ ಬಸುರಿಯರ ಸಾಲಲ್ಲಿ ಕೂರಿಸ್ಬೇಡಿ. ಮೊದ್ಲು ಫೋನ್ ಮಾಡಿ "ಚಿಕನ್‌ಪಾಕ್ಸ್ ತಾಗಿದೆ" ಅಂತ ಹೇಳಿ, ಕರೆಯೋವರೆಗೆ ಜೀಪಲ್ಲೇ ಕೂತಿರ್ಲಿ. ರಿಪೋರ್ಟ್ ಬಂದ್ಮೇಲೆ ಒಂದು ಸಾಲು ಬರೀರಿ.