ಮರ ಹತ್ತುವವನ ಮೊಣಕಾಲಿಗೆ ಶೇ. 12 ಸಾಕೇ?

ಪ್ರಶ್ನೆ: ನನ್ನ ತಮ್ಮ ತೆಂಗಿನ ಮರ ಹತ್ತಿ ಕಾಯಿ ಕೀಳೋನು, ವಯಸ್ಸು 34, ಗುಬ್ಬಿ ಹತ್ರ ನಮ್ಮೂರು. ತಿಂಗಳಿಗೆ ಹದಿನೈದು ಸಾವಿರ ದುಡೀತಿದ್ದ. ಬೈಕಿಗೆ ಕಾರು ಗುದ್ದಿ ಬಲಮೊಣಕಾಲು ಹೋಯ್ತು. ಡಾಕ್ಟರು ಕಾಲಿಗೆ 36%, ಇಡೀ ದೇಹಕ್ಕೆ 12% ಅಂತ ಬರ್ದಿದಾರೆ. ಇನ್ಶೂರೆನ್ಸ್‌ನೋರು ಆ 12% ಮೇಲೆ ಲೆಕ್ಕ ಹಾಕಿ, ಲೋಕ ಅದಾಲತ್‌ನಲ್ಲಿ ಎಲ್ಲಾ ಸೇರಿ 5 ಲಕ್ಷಕ್ಕೆ ಒಪ್ಕೊಳ್ಳಿ ಅಂತಿದಾರೆ. ಅವನು ಇನ್ನು ಮರ ಹತ್ತೋಕೆ ಆಗಲ್ಲ. ಹಾಗಿದ್ರೆ 100% ಕೊಡಬೇಕಲ್ವಾ?

ಉತ್ತರ:

ನೂರು ಸಿಗುವುದಿಲ್ಲ. ಹಾಗಂತ ಹನ್ನೆರಡಕ್ಕೆ ಸಹಿ ಹಾಕಿಸಬೇಡಿ. ನಾನು ತುಮಕೂರು ಕೋರ್ಟಿನಲ್ಲಿ ಹದಿನಾಲ್ಕು ವರ್ಷದಿಂದ ಅಪಘಾತದ ಕೇಸುಗಳನ್ನೇ ಹೆಚ್ಚಾಗಿ ನಡೆಸುತ್ತಿದ್ದೇನೆ. ನಿಮ್ಮ ತಮ್ಮನಂಥವರು ದುಡ್ಡು ಕಳೆದುಕೊಳ್ಳುವುದು ಬಹುತೇಕ ಈ ಒಂದು ಅಂಕಿಯಲ್ಲೇ.

ಆ 36 ಮತ್ತು 12 ಎಲ್ಲಿಂದ ಬಂತು ನೋಡಿ. ಮೊಣಕಾಲು ಎಷ್ಟು ಮಡಚುತ್ತದೆ, ತೊಡೆಯ ಸ್ನಾಯು ಎಷ್ಟು ಸೊರಗಿದೆ, ಕಾಲು ಗಿಡ್ಡವಾಗಿದೆಯೇ ಎಂದು ಅಳೆದು ಡಾಕ್ಟರು ಆ ಒಂದು ಕಾಲಿಗೆ 36 ಅಂದರು. ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಎಂದು ಹಿಡಿಯುವುದು ನಮ್ಮ ರಾಜ್ಯದಲ್ಲಿ ನಡೆದು ಬಂದ ರೂಢಿ. ಅಲ್ಲಿಗೆ 12 ಆಯಿತು. ಇವೆರಡೂ ದೇಹದ ಲೆಕ್ಕ. ಅವನ ಕಸುಬು ಏನು ಎಂದು ಈ ಲೆಕ್ಕ ಕೇಳುವುದೇ ಇಲ್ಲ. ಇದೇ ಮೊಣಕಾಲು ನಿಮ್ಮೂರಿನ ಸರ್ಕಾರಿ ಶಾಲೆ ಮೇಷ್ಟ್ರದ್ದಾಗಿದ್ದರೂ ಡಾಕ್ಟರು 36 ಮತ್ತು 12 ಎಂದೇ ಬರೆಯುತ್ತಿದ್ದರು. ಮೇಷ್ಟ್ರು ಕುಂಟುತ್ತಾ ಶಾಲೆಗೆ ಹೋಗಿ ಮೊದಲಿನ ಸಂಬಳವನ್ನೇ ತರುತ್ತಾರೆ. ನಿಮ್ಮ ತಮ್ಮ ಮರದ ಬುಡದಲ್ಲೇ ನಿಲ್ಲುತ್ತಾನೆ.

ಈ ವ್ಯತ್ಯಾಸಕ್ಕೆ ಕೋರ್ಟಿನಲ್ಲಿ ಫಂಕ್ಷನಲ್ ಡಿಸೆಬಿಲಿಟಿ ಅನ್ನುತ್ತೇವೆ. ಗಾಯದಿಂದ ಆ ಮನುಷ್ಯನ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು ಅದರ ಅರ್ಥ. ಇದನ್ನು ಬಿಡಿಸಿ ಹೇಳಿದ್ದು ಸುಪ್ರೀಂ ಕೋರ್ಟಿನ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು. 2010ರ ಕೊನೆಯಲ್ಲಿ ಬಂದದ್ದು, ಇವತ್ತಿಗೂ ಅಪಘಾತದ ಪರಿಹಾರ ತೀರ್ಮಾನಿಸುವ ಎಲ್ಲ ಟ್ರಿಬ್ಯೂನಲ್‌ಗಳೂ ಅದನ್ನೇ ಹಿಡಿದು ನಡೆಯುತ್ತವೆ. ದೇಹದ ಊನ ಎಷ್ಟು ಎನ್ನುವುದಷ್ಟೇ ಡಾಕ್ಟರ ಮಾತು, ದುಡಿಮೆ ಎಷ್ಟು ಹೋಯಿತು ಎಂದು ತೀರ್ಮಾನಿಸುವುದು ಟ್ರಿಬ್ಯೂನಲ್ಲಿನ ಕೆಲಸ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಟ್ರಿಬ್ಯೂನಲ್ ಮೊದಲು ಈ ಊನದಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಬೇಕು. ಆಮೇಲೆ ಅಪಘಾತಕ್ಕೆ ಮುಂಚಿನ ಕಸುಬು ಮತ್ತು ವಯಸ್ಸು. ಕೊನೆಗೆ ಅವನು ಯಾವ ದುಡಿಮೆಗೂ ಬಾರದಂತಾದನೇ, ಹಳೇ ಕೆಲಸವನ್ನೇ ಮಾಡಬಲ್ಲನೇ, ಅಥವಾ ಅದನ್ನು ಬಿಟ್ಟು ಬೇರೆ ಸಣ್ಣಪುಟ್ಟ ಕೆಲಸ ಮಾಡಬಲ್ಲನೇ ಎಂದು ತೀರ್ಮಾನಿಸಬೇಕು.

ನಿಮ್ಮ ತಮ್ಮ ಬರುವುದು ಮೂರನೆಯದರಲ್ಲಿ. ಅದಕ್ಕೇ ನೂರು ಇಲ್ಲ ಎಂದದ್ದು. ಕೂತು ಮಾಡುವ ಕೆಲಸ, ಕೊಬ್ಬರಿ ಮಂಡಿಯಲ್ಲಿ ವಿಂಗಡಿಸುವ ಕೆಲಸ ಅವನಿಂದ ಆಗುತ್ತದೆ. ಆದರೆ ಕೂಲಿ ಮೊದಲಿನಷ್ಟು ಬರಲಿಕ್ಕಿಲ್ಲ. 2012ರ ಮೋಹನ್ ಸೋನಿ ಪ್ರಕರಣದಲ್ಲಿ ಕಾಲು ಕಳೆದುಕೊಂಡ ಬಂಡಿ ಎಳೆಯುವವನಿಗೆ ಡಾಕ್ಟರು 60 ಎಂದಿದ್ದರೂ ಸುಪ್ರೀಂ ಕೋರ್ಟು 90 ಹಿಡಿಯಿತು. ಯಾರಾದರೂ ಆ ತೀರ್ಪು ತೋರಿಸಿ ನಿಮಗೂ ತೊಂಬತ್ತು ಕೊಡಿಸುತ್ತೇನೆ ಎಂದರೆ ನಂಬಬೇಡಿ. ಅಲ್ಲಿ ಕಾಲನ್ನೇ ಕತ್ತರಿಸಿದ್ದರು, ಇಲ್ಲಿ ಕಾಲು ಇದೆ, ಮಡಚುವುದಿಲ್ಲ ಅಷ್ಟೆ. ನನ್ನ ಅಂದಾಜಿನಲ್ಲಿ ಸಾಕ್ಷಿ ಚೆನ್ನಾಗಿ ಕೊಟ್ಟರೆ 30ರಿಂದ 40ರ ಒಳಗೆ ನಿಲ್ಲಬಹುದಾದ ಕೇಸು ಇದು.

ಈಗ ದುಡ್ಡಿನ ಲೆಕ್ಕ. ತಿಂಗಳಿಗೆ 15,000 ಎಂದು ಸಾಬೀತಾಯಿತು ಎಂದುಕೊಳ್ಳಿ. ಸ್ವಂತ ದುಡಿಮೆಯವರಿಗೆ ನಲವತ್ತು ವರ್ಷದೊಳಗಾದರೆ ಮುಂದಿನ ಆದಾಯದ ಏರಿಕೆ ಎಂದು ಶೇ. 40 ಸೇರಿಸಬೇಕು, ಅದು 2017ರ ಪ್ರಣಯ್ ಸೇಠಿ ತೀರ್ಪಿನ ಲೆಕ್ಕ. ಆಯಿತು 21,000. ವರ್ಷಕ್ಕೆ 2,52,000. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ, 31ರಿಂದ 35 ವರ್ಷದವರಿಗೆ ಅದು 16. ಗುಣಿಸಿದರೆ 40,32,000. ಅವನ ಇಡೀ ದುಡಿಮೆಗೆ ಕಾನೂನು ಕಟ್ಟುವ ಬೆಲೆ ಇದು. ಇದರಲ್ಲಿ ಎಷ್ಟನೇ ಪಾಲು ಹೋಯಿತು ಎಂಬುದೇ ಶೇಕಡಾವಾರು. ಹನ್ನೆರಡಕ್ಕೆ 4,83,840 ಬರುತ್ತದೆ, ಮೂವತ್ತಕ್ಕೆ 12,09,600, ನಲವತ್ತಕ್ಕೆ 16,12,800. ಅಂದರೆ ಒಂದೊಂದು ಪರ್ಸೆಂಟಿಗೂ ನಲವತ್ತು ಸಾವಿರದ ಮೇಲೆ. ಸತ್ತವರ ಕೇಸಿನಲ್ಲಿ ಸ್ವಂತ ಖರ್ಚು ಎಂದು ಮೂರನೇ ಒಂದು ಭಾಗವೋ ನಾಲ್ಕನೇ ಒಂದು ಭಾಗವೋ ಕಳೆಯುತ್ತಾರಲ್ಲ, ಗಾಯದ ಕೇಸಿನಲ್ಲಿ ಹಾಗೆ ಕಳೆಯುವಂತಿಲ್ಲ. ಮನುಷ್ಯ ಬದುಕಿದ್ದಾನೆ, ಊಟ ಮಾಡಬೇಕು.

ಅವರ ಐದು ಲಕ್ಷ ಹೇಗೆ ಬಂತು ಅನ್ನುವುದನ್ನೂ ನಾನು ಊಹಿಸಬಲ್ಲೆ. 15,000ವನ್ನು ಹನ್ನೆರಡು ತಿಂಗಳು, ಹದಿನಾರು, ಶೇ. 12ರಿಂದ ಗುಣಿಸಿದರೆ 3,45,600. ಅದರ ಮೇಲೆ ಆಸ್ಪತ್ರೆ ಬಿಲ್ಲು, ನೋವು, ಮನೆಯಲ್ಲಿ ಮಲಗಿದ್ದ ತಿಂಗಳುಗಳ ಕೂಲಿ ಎಲ್ಲ ಸೇರಿಸಿ ಐದಕ್ಕೆ ಸರಿ ಮಾಡಿದ್ದಾರೆ. ಮುಂದಿನ ಏರಿಕೆಯ ಶೇ. 40 ಇಲ್ಲವೇ ಇಲ್ಲ. ಗಾಯದ ಕೇಸಿಗೆ ಅದು ಬರುವುದಿಲ್ಲ ಎಂದು ಕಂಪನಿಯವರು ಈಗಲೂ ಒಮ್ಮೊಮ್ಮೆ ವಾದಿಸುತ್ತಾರೆ. 2020ರ ಪಪ್ಪು ದೇವ್ ಯಾದವ್ ತೀರ್ಪು ಆ ವಾದಕ್ಕೆ ಬಾಗಿಲು ಹಾಕಿದೆ.

ಇನ್ನು ಮುಖ್ಯ ವಿಷಯ. ಕ್ಲೇಮ್ ಅರ್ಜಿಯ ಪ್ರತಿ ನಿಮ್ಮ ಹತ್ತಿರ ಇದ್ದರೆ ಇವತ್ತೇ ತೆಗೆದು ಉದ್ಯೋಗ ಎಂಬ ಕಾಲಂ ನೋಡಿ. ಅಲ್ಲಿ ‘ಕೂಲಿ’ ಎಂದಿದ್ದರೆ ಕಷ್ಟ. ಆಸ್ಪತ್ರೆಯಲ್ಲಿ ಕೇಳುವವರೂ ಪೊಲೀಸರೂ ಕೂಲಿ ಎಂದು ಬರೆದುಕೊಂಡಿರುತ್ತಾರೆ, ವಕೀಲರ ಆಫೀಸಿನ ಟೈಪಿಸ್ಟ್ ಅದನ್ನೇ ಇಳಿಸುತ್ತಾನೆ. ನನ್ನಿಂದಲೇ ಒಮ್ಮೆ ಈ ಎಡವಟ್ಟಾಗಿದೆ. ಕೊರಟಗೆರೆ ಕಡೆಯ ಗಾರೆ ಕೆಲಸದವರು, ಸಾರವೆ ಮೇಲೆ ನಿಂತು ಗೋಡೆ ಕಟ್ಟುವವರು, ಪಾದದ ಕೀಲು ಕೂಡಿಕೊಂಡುಬಿಟ್ಟಿತ್ತು. ನಮ್ಮ ಅರ್ಜಿಯಲ್ಲಿ ಕೂಲಿ ಎಂದಿತ್ತು. ಪಾಟೀಸವಾಲಿನಲ್ಲಿ ಎದುರು ವಕೀಲರು ಒಂದೇ ಪ್ರಶ್ನೆ ಕೇಳಿದರು: ‘ಅರ್ಜಿಯಲ್ಲಿ ಗಾರೆ ಕೆಲಸ ಅಂತ ಎಲ್ಲಿದೆ ತೋರಿಸಿ.’ ಅವರು ನನ್ನ ಮುಖ ನೋಡಿದರು. ಟ್ರಿಬ್ಯೂನಲ್ ಕೂಲಿಯವರು ಬೇರೆ ಕೂಲಿ ಮಾಡಬಹುದು ಎಂದು ಇಡೀ ದೇಹದ ಅಂಕಿಗೇ ನಿಂತಿತು. ಆವತ್ತಿನಿಂದ ಅರ್ಜಿಯ ಆ ಸಾಲನ್ನು ನಾನೇ ಕೂತು ಓದುತ್ತೇನೆ. ನಿಮ್ಮದರಲ್ಲೂ ಹಾಗೇ ಇದ್ದರೆ ಸಾಕ್ಷಿ ಶುರುವಾಗುವ ಮುಂಚೆ ಅರ್ಜಿ ತಿದ್ದುಪಡಿ ಮಾಡಿಸಿ.

ಕಸುಬು ತೋರಿಸಲು ಕಾಗದ ಇಲ್ಲ ಎಂದು ಕೈಚೆಲ್ಲಬೇಡಿ. ಅವನನ್ನು ಕರೆಸುತ್ತಿದ್ದ ಇಬ್ಬರು ತೋಟದವರು ಬಂದು, ಇಷ್ಟು ವರ್ಷದಿಂದ ನಮ್ಮ ತೋಟದ ಕಾಯಿ ಇವನೇ ಕೀಳುತ್ತಿದ್ದ, ಮರಕ್ಕೆ ಇಷ್ಟು ಕೊಡುತ್ತಿದ್ದೆವು ಎಂದು ಸಾಕ್ಷಿ ಹೇಳಿದರೆ ಅದಕ್ಕೆ ತೂಕ ಇದೆ. ಫೋನ್‌ಪೇಯಲ್ಲಿ ದುಡ್ಡು ಬಂದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ. ತೆಂಗು ಅಭಿವೃದ್ಧಿ ಮಂಡಳಿಯ ಮರ ಹತ್ತುವ ತರಬೇತಿಗೆ ಹೋಗಿದ್ದರೆ ಅದರ ಪ್ರಮಾಣಪತ್ರ ಬಂಗಾರ. ಆದಾಯಕ್ಕೆ ಏನೂ ಆಧಾರ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ನೋಡಿ, ಅಪಘಾತವಾದ ವರ್ಷಕ್ಕೆ ಹೊಂದುವ ಅಂದಾಜು ಆದಾಯವನ್ನು ಹಿಡಿಯುತ್ತಾರೆ. ಆಗ ಮೇಲಿನ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಡಾಕ್ಟರ ಸಾಕ್ಷಿಯೂ ಅಷ್ಟೇ ಮುಖ್ಯ. ಆದಷ್ಟೂ ಆಪರೇಷನ್ ಮಾಡಿದ ಡಾಕ್ಟರನ್ನೇ ಕರೆಸಿ. ಸರ್ಟಿಫಿಕೇಟಿಗಾಗಿಯೇ ಒಮ್ಮೆ ನೋಡಿ ಬರೆದುಕೊಟ್ಟವರ ಮಾತನ್ನು ಟ್ರಿಬ್ಯೂನಲ್ ಅನುಮಾನದಿಂದಲೇ ನೋಡುತ್ತದೆ. ಬೇಕೆನಿಸಿದರೆ ವೈದ್ಯಕೀಯ ಮಂಡಳಿಗೂ ಕಳಿಸುತ್ತದೆ. ಸಾಕ್ಷಿಗೆ ಬಂದ ಡಾಕ್ಟರ ಬಾಯಲ್ಲಿ 36 ಎಂಬ ಅಂಕಿಯೊಂದೇ ಬಂದರೆ ಪ್ರಯೋಜನವಿಲ್ಲ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕುಕ್ಕರಗಾಲಲ್ಲಿ ಕೂರಬಲ್ಲನೇ, ಕಾಲಿನ ಹಿಡಿತದ ಮೇಲೆ ಮೈಭಾರ ಹೊರಬಲ್ಲನೇ, ಮರ ಹತ್ತಬಲ್ಲನೇ ಎಂದು ನಿಮ್ಮ ವಕೀಲರು ಕೇಳಬೇಕು, ಉತ್ತರ ಕಡತಕ್ಕೆ ಬರಬೇಕು.

ಕಂಪನಿ ವಕೀಲರು ಕೇಳಿಯೇ ಕೇಳುವ ಇನ್ನೊಂದು ಪ್ರಶ್ನೆ ಇದೆ: ‘ನೆಲದ ಮೇಲೆ ನಿಂತು ದೋಟಿಯಲ್ಲೇ ಕಾಯಿ ಕೀಳಬಹುದಲ್ಲವೇ?’ ಇದು ಸುಳ್ಳು ಪ್ರಶ್ನೆಯಲ್ಲ, ನಮ್ಮ ಸೀಮೆಯಲ್ಲಿ ದೋಟಿ ಹಿಡಿಯುವವರು ಬೇಕಾದಷ್ಟಿದ್ದಾರೆ. ಇದಕ್ಕೆ ನಿಮ್ಮ ತಮ್ಮ ತಬ್ಬಿಬ್ಬಾಗಬಾರದು, ಸುಳ್ಳೂ ಹೇಳಬಾರದು. ಎಳನೀರಿನ ಗೊನೆಯನ್ನು ದೋಟಿಯಲ್ಲಿ ಕೆಡವಿದರೆ ಒಡೆದು ಹೋಗುತ್ತದೆ, ಹಗ್ಗ ಕಟ್ಟಿ ಇಳಿಸಬೇಕು, ಮರದ ತಲೆಗೆ ಹೋಗಿ ಸುಳಿ ನೋಡಿ ಗರಿ ಸವರಬೇಕು, ಅವನ ದುಡಿಮೆ ಬಂದದ್ದು ಹೆಚ್ಚಾಗಿ ಅದರಿಂದ, ದೋಟಿ ಕೆಲಸಕ್ಕೂ ಕತ್ತು ಮೇಲೆತ್ತಿ ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಲ್ಲಬೇಕು. ಅವನ ವಿಷಯದಲ್ಲಿ ಇದು ಎಷ್ಟು ನಿಜವೋ ಅಷ್ಟನ್ನು ಅವನ ಮಾತಲ್ಲೇ ಹೇಳಲಿ. ಸ್ವಲ್ಪ ದೋಟಿ ಕೆಲಸ ಆಗುತ್ತದೆ ಎಂದು ಒಪ್ಪಿಕೊಂಡರೂ ನಷ್ಟವಿಲ್ಲ, ನಾವು ಕೇಳುತ್ತಿರುವುದು ನೂರಲ್ಲವಲ್ಲ.

ಲೋಕ ಅದಾಲತ್ ಬೇಡ ಎನ್ನುತ್ತಿಲ್ಲ. ಅಲ್ಲಿ ಒಪ್ಪಿಕೊಂಡದ್ದಕ್ಕೆ ಅಪೀಲು ಇಲ್ಲ ಎಂಬುದು ನೆನಪಿರಲಿ. ಟ್ರಿಬ್ಯೂನಲ್ ಕಡಿಮೆ ಕೊಟ್ಟರೆ ಹೈಕೋರ್ಟಿಗೆ ಹೋಗಬಹುದು, ಅದಕ್ಕೆ ವರ್ಷಗಳು ಹಿಡಿಯುತ್ತವೆ, ಅದೂ ನಿಜ. ಮನೆಯಲ್ಲಿ ಸಾಲ ಎಷ್ಟಿದೆ, ಕಾಯಲು ಆಗುತ್ತದೆಯೇ ಎಂದು ನೋಡಿಕೊಳ್ಳಿ. ನನ್ನ ಕಕ್ಷಿದಾರರಾಗಿದ್ದರೆ ಶೇ. 40ರ ಏರಿಕೆ ಸೇರಿಸಿ, ಶೇ. 25ಕ್ಕಿಂತ ಕೆಳಗೆ ಇಳಿಯದೆ, ಆಸ್ಪತ್ರೆ ಖರ್ಚು ಬೇರೆ ಎಂದು ಕೂರುತ್ತಿದ್ದೆ. 25ಕ್ಕೆ ದುಡಿಮೆಯ ನಷ್ಟವೊಂದೇ 10,08,000 ಆಗುತ್ತದೆ. ಮುಂದಿನ ಮಾತುಕತೆಗೆ ಹೋಗುವಾಗ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅವರ ಲೆಕ್ಕವನ್ನೂ ಬರೆದು ಕೊಡಿ ಎಂದು ಕೇಳಿ.