ಅಮ್ಮನ 7 ಗಂಟೆ, ನಿನ್ನ 6:30

"ಅಣ್ಣಾ, ಮಂಡ್ಯದಿಂದ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವಾರ ಆಯ್ತು. ಊರಲ್ಲಿ ಅಮ್ಮ ಸಂಜೆ 7ಕ್ಕೆ ಇನ್ಸುಲಿನ್ ತಗೊಂಡು 7:30ಕ್ಕೆ ಊಟ ಮಾಡ್ತಾರೆ. ನೆನಪಿಸೋಕೆ ಇಲ್ಲಿ ಮಧ್ಯಾಹ್ನ 3:30ಕ್ಕೆ ಅಲಾರಂ ಇಟ್ಕೊಂಡು ಫೋನ್ ಮಾಡ್ತೀನಿ. ನನ್ನ ಥೈರಾಯ್ಡ್ ಮಾತ್ರೆ ಬೆಳಿಗ್ಗೆ 6:30ಕ್ಕೆ, ಅದನ್ನ ಗೂಗಲ್ ಕ್ಯಾಲೆಂಡರ್‌ಗೆ ಹಾಕಿದ್ದೀನಿ. ದಸರೆಗೆ ಊರಿಗೆ ಬರ್ತೀನಿ. ಆಗ ಇವೆರಡೂ ತಾವಾಗೇ ಸರಿಹೋಗುತ್ತಾ?"

ಸರಿಹೋಗಲ್ಲ ತಮ್ಮಾ. ಎರಡನ್ನೂ ಅದಲುಬದಲು ಮಾಡಿ ಇಟ್ಟಿದ್ದೀಯ. ಅಲಾರಂನಲ್ಲಿ ಇರಬೇಕಾದ್ದು ನಿನ್ನ ಮಾತ್ರೆ, ಕ್ಯಾಲೆಂಡರ್‌ನಲ್ಲಿ ಇರಬೇಕಾದ್ದು ಅಮ್ಮನ ಇನ್ಸುಲಿನ್.

ಗಡಿಯಾರದ ಆ್ಯಪ್‌ನಲ್ಲಿ ಇಟ್ಟ ಅಲಾರಂಗೆ ಊರು ಅನ್ನೋದೇ ಇಲ್ಲ. ಆ ಹೊತ್ತಿಗೆ ಫೋನ್ ಯಾವ ದೇಶದ ಟೈಮ್ ತೋರಿಸ್ತಿದೆಯೋ ಅದರಲ್ಲಿ 3:30 ಆದ ತಕ್ಷಣ ಹೊಡೆದುಕೊಳ್ಳುತ್ತೆ. ಗೂಗಲ್ ಕ್ಯಾಲೆಂಡರ್ ಹಾಗಲ್ಲ. ಅಲ್ಲಿ ಇಷ್ಟು ಗಂಟೆಗೆ ಅಂತ ಹಾಕಿದ ಪ್ರತಿಯೊಂದು ಈವೆಂಟ್‌ಗೂ ಒಂದು ಟೈಮ್ ಝೋನ್ ಅಂಟಿಕೊಂಡಿರುತ್ತೆ. ನೀನಾಗಿ ಆರಿಸದಿದ್ದರೆ, ಅವತ್ತು ಕ್ಯಾಲೆಂಡರ್ ಯಾವ ಝೋನ್‌ನಲ್ಲಿತ್ತೋ ಅದೇ ಗಟ್ಟಿ. ನಿನ್ನ ವಿಷಯದಲ್ಲಿ ಅದು ಜರ್ಮನಿಯದ್ದು.

ಈಗ ದಸರೆಗೆ ಮಂಡ್ಯಕ್ಕೆ ಹೋಗಿದ್ದೀಯ ಅಂದುಕೋ. ಜರ್ಮನಿಯ ಬೆಳಿಗ್ಗೆ 6:30 ಅಂದ್ರೆ ಆಗ ನಮ್ಮಲ್ಲಿ 10 ಗಂಟೆ. ಖಾಲಿ ಹೊಟ್ಟೆಯಲ್ಲಿ ತಗೋಬೇಕಾದ ಮಾತ್ರೆಯನ್ನ ಫೋನ್ ನೆನಪಿಸೋದು ಕಾಫಿ, ಇಡ್ಲಿ ಎಲ್ಲಾ ಮುಗಿದ ಮೇಲೆ. ಇನ್ನೊಂದು ಕಡೆ ಅಮ್ಮನ ಅಲಾರಂ ಮಂಡ್ಯದ 3:30ಕ್ಕೇ ಹೊಡೆಯುತ್ತೆ, ಇನ್ಸುಲಿನ್ ಹೊತ್ತಿಗೆ ಮೂರೂವರೆ ಗಂಟೆ ಮುಂಚೆ. ಎದುರಿಗೇ ಕೂತಿರ್ತೀಯಾದ್ದರಿಂದ ಅದು ತಪ್ಪು ಅಂತ ಗೊತ್ತಾಗುತ್ತೆ, ಅಷ್ಟು ಅಪಾಯ ಇಲ್ಲ.

ನನಗೆ ನಿಜವಾಗಿ ಭಯ ಇರೋದು ನೀನು ವಾಪಸ್ ಬಂದ ಮೇಲಿನ ದಿನಗಳ ಬಗ್ಗೆ. ಜರ್ಮನಿಯಲ್ಲಿ ಅಕ್ಟೋಬರ್‌ನ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಮಾರ್ಚ್‌ನ ಕೊನೇ ಭಾನುವಾರ ಮತ್ತೆ ಮುಂದಕ್ಕೆ. 2026ರಲ್ಲಿ ಅದು ಅಕ್ಟೋಬರ್ 25. ಭಾರತದಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ಮೂರೂವರೆ ಗಂಟೆ ಇರೋ ಅಂತರ ಚಳಿಗಾಲದಲ್ಲಿ ನಾಲ್ಕೂವರೆ ಆಗುತ್ತೆ. ಅವತ್ತು ನಿನ್ನ 3:30ರ ಅಲಾರಂ ಎಂದಿನಂತೆ ಹೊಡೆಯುತ್ತೆ, ನೀನು ಎಂದಿನಂತೆ ಫೋನ್ ಮಾಡ್ತೀಯ. ಮಂಡ್ಯದಲ್ಲಿ ಆಗ ರಾತ್ರಿ 8. ಅಮ್ಮ ಮುದ್ದೆ ಉಂಡು ಅರ್ಧ ಗಂಟೆ ಆಗಿರುತ್ತೆ. ಫೋನ್ ಕೆಟ್ಟಿಲ್ಲ, ನೀನೂ ಮರೆತಿಲ್ಲ, ಆದ್ರೂ ಹೊತ್ತು ಮೀರಿದೆ. ಈ ತಪ್ಪು ಕಣ್ಣಿಗೆ ಬೀಳೋದೇ ಇಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಹೀಗೆ ಸರಿಮಾಡು. ಮಾತ್ರೆಯ ನೆನಪನ್ನ ಕ್ಯಾಲೆಂಡರ್‌ನಿಂದ ತೆಗೆದು, ದಿನಾ 6:30ಕ್ಕೆ ಹೊಡೆಯೋ ಅಲಾರಂ ಮಾಡು. ಅದು ನಿನ್ನ ಹೊಟ್ಟೆ ಜೊತೆಗೇ ಓಡಾಡುತ್ತೆ, ಸ್ಟುಟ್‌ಗಾರ್ಟ್‌ನಲ್ಲೂ 6:30, ಮಂಡ್ಯದಲ್ಲೂ 6:30.

ಅಮ್ಮನದಕ್ಕೆ ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ಈವೆಂಟ್ ತೆರೆ. ಗಂಟೆ ಹಾಕೋ ಮೊದಲು ಟೈಮ್ ಝೋನ್ ಬದಲಾಯಿಸು. ಫೋನ್‌ನಲ್ಲಿ ಸಮಯದ ಕೆಳಗೆ ಭೂಗೋಳದ ಚಿತ್ರದ ಪಕ್ಕ ಜರ್ಮನಿಯ ಝೋನ್ ಹೆಸರು ಇರುತ್ತೆ, ಕಂಪ್ಯೂಟರ್‌ನಲ್ಲಾದ್ರೆ `Time zone` ಅನ್ನೋ ಲಿಂಕ್. ಅದನ್ನ ಒತ್ತಿ `India` ಅಂತ ಹುಡುಕಿ `India Standard Time` ಆರಿಸು. ಆಮೇಲೆ ಸಂಜೆ 7:00 ಹಾಕು. ನಮ್ಮ ಸಂಜೆ 7, ನಿನ್ನ 3:30 ಅಲ್ಲ. ಕಳೆಯೋ ಲೆಕ್ಕವನ್ನ ನೀನು ಮಾಡಲೇಬಾರದು, ಅದು ಫೋನ್‌ನ ಕೆಲಸ. ದಿನಾ ಮರುಕಳಿಸೋ ಹಾಗೆ ಮಾಡಿ, ನೋಟಿಫಿಕೇಶನ್ ಎರಡು ಇಡು: ಹತ್ತು ನಿಮಿಷ ಮುಂಚೆ ಒಂದು, ಸಮಯಕ್ಕೆ ಸರಿಯಾಗಿ ಇನ್ನೊಂದು. ಯಾಕಂದ್ರೆ ಕ್ಯಾಲೆಂಡರ್ ಅಲಾರಂ ತರ ಬಡಿದುಕೊಳ್ಳಲ್ಲ, ಒಂದು ಸಲ ಟಿಣ್ ಅಂದು ಸುಮ್ಮನಾಗುತ್ತೆ. ಫೋನ್ ಸೈಲೆಂಟ್‌ನಲ್ಲಿದ್ರೆ ಅದೂ ಇಲ್ಲ.

ಸೇವ್ ಮಾಡಿದ ಮೇಲೆ ಹೀಗೆ ಪರೀಕ್ಷೆ ಮಾಡು. ಈ ವಾರದ ಪುಟದಲ್ಲಿ ಆ ಚೌಕ 15:30ಕ್ಕೆ ಕಾಣಬೇಕು. ಪುಟ ಸರಿಸಿಕೊಂಡು ನವೆಂಬರ್ ಮೊದಲ ವಾರಕ್ಕೆ ಹೋಗು. ಚೌಕ 14:30ಕ್ಕೆ ಸರಿದಿದ್ರೆ ಅದು ಮಂಡ್ಯಕ್ಕೆ ಕಟ್ಟಿಕೊಂಡಿದೆ ಅಂತ ಅರ್ಥ. ಅಲ್ಲೂ 15:30ಕ್ಕೇ ನಿಂತಿದ್ರೆ ಝೋನ್ ಬದಲಾಗಿಲ್ಲ, ಅಳಿಸಿ ಮತ್ತೆ ಮಾಡು. ಚೌಕ ಜಾಗ ಬದಲಿಸಿದ್ದು ನೋಡಿ ಏನೋ ಎಡವಟ್ಟಾಯ್ತು ಅಂತ ಕೆಲವರು ಕೈಯಾರೆ ಹಿಂದಕ್ಕೆ ಎಳೆದುಬಿಡ್ತಾರೆ. ನೀನು ಹಾಗೆ ಮಾಡಬೇಡ.

ಅಮೆರಿಕಕ್ಕೆ ಹೋದವರಿಗೆ ಇದರ ಜೊತೆಗೆ ವಾರವೂ ಬದಲಾಗುತ್ತೆ. ಮೈಸೂರಿನ ಸೋಮವಾರ ಬೆಳಿಗ್ಗೆ 8 ಅಂದ್ರೆ ನ್ಯೂಜೆರ್ಸಿಯಲ್ಲಿ ಭಾನುವಾರ ರಾತ್ರಿ, ಬೇಸಿಗೆಯಲ್ಲಿ 10:30, ಚಳಿಗಾಲದಲ್ಲಿ 9:30. ಅಲ್ಲಿನ ಝೋನ್‌ನಲ್ಲಿ "ಪ್ರತಿ ಸೋಮವಾರ" ಅಂತ ಇಟ್ಟವರು ಒಂದು ದಿನ ತಡವಾಗಿ ಫೋನ್ ಮಾಡ್ತಾರೆ.

ಪ್ರಯಾಣದ ದಿನದ ಮಾತ್ರೆ ಬೇರೆ ವಿಷಯ. ಬೇಸಿಗೆಯ ಟೈಮ್‌ನಲ್ಲಿ ಸ್ಟುಟ್‌ಗಾರ್ಟ್‌ನ 6:30ಕ್ಕೆ ಒಂದು ತಗೊಂಡ್ರೆ, ಮಂಡ್ಯದ ಮಾರನೇ ದಿನದ 6:30 ಬರೋದು ಇಪ್ಪತ್ತೂವರೆ ಗಂಟೆಗೆ. ವಾಪಸ್ ಬರುವಾಗ ಅದೇ ಅಂತರ ಇಪ್ಪತ್ತೇಳೂವರೆ ಗಂಟೆ. ದಿನಕ್ಕೊಂದು ಥೈರಾಯ್ಡ್ ಮಾತ್ರೆಗೆ ಸಾಮಾನ್ಯವಾಗಿ ಇದು ದೊಡ್ಡ ತೊಂದರೆ ಅಲ್ಲ. ಆದ್ರೆ 12 ಗಂಟೆಗೊಂದು ಅಂತ ಬರೆದುಕೊಟ್ಟ ಔಷಧಿಗೆ ಇದ್ದ ಜಾಗದ ಟೈಮ್ ಆಗಲ್ಲ. ಹೋಗುವಾಗ ಆ 12 ಗಂಟೆ ಎಂಟೂವರೆಗೆ ಇಳಿದಿರುತ್ತೆ. ಅಂಥದ್ದಿದ್ರೆ ಟಿಕೆಟ್ ತೋರಿಸಿ ಡಾಕ್ಟರ್ ಹತ್ರ ಹೊತ್ತು ಬರೆಸಿಕೊ, ಅವತ್ತು ಅಲಾರಂ ಬದಲು ಟೈಮರ್ ಇಟ್ಟುಕೊ.

ಇನ್ನೊಂದು, ಅಮ್ಮನ ಇನ್ಸುಲಿನ್ ನಿನ್ನೊಬ್ಬನ ಫೋನ್ ಕರೆ ಮೇಲೆ ನಿಲ್ಲಬಾರದು. ಮೀಟಿಂಗ್ ಎಳೆಯುತ್ತೆ, ನೆಟ್‌ವರ್ಕ್ ಸಿಗಲ್ಲ. ದಸರೆಗೆ ಹೋದಾಗ ಅಮ್ಮನ ಫೋನ್‌ನಲ್ಲೇ 7ಕ್ಕೆ ಜೋರಾದ ಅಲಾರಂ ಇಟ್ಟು ಬಾ. ಆ ಫೋನ್ ಮಂಡ್ಯ ಬಿಟ್ಟು ಹೋಗಲ್ಲವಾದ್ದರಿಂದ ಅಲ್ಲಿ ಯಾವ ಝೋನ್‌ನ ತಲೆನೋವೂ ಇಲ್ಲ. ನಿನ್ನ ಕರೆ, ಇನ್ಸುಲಿನ್ ತಗೊಂಡ್ರಾ ಇಲ್ಲವಾ ಅಂತ ವಿಚಾರಿಸೋದಕ್ಕೆ ಇರಲಿ.

ಹೊರಡೋ ಹಿಂದಿನ ರಾತ್ರಿ ಒಂದು ಸಲ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ತಾನಾಗೇ ಝೋನ್ ಬದಲಾಗೋದನ್ನ ಆಫ್ ಮಾಡಿ, ಭಾರತದ ಝೋನ್ ಆರಿಸಿ ನೋಡು. ಝೋನ್ ಮಾತ್ರ ಬದಲಿಸು, ಗಂಟೆಯ ಮುಳ್ಳನ್ನ ಕೈಯಲ್ಲಿ ತಿರುಗಿಸಬೇಡ. ಹಾಗೆ ತಿರುಗಿಸಿದ್ರೆ ಕ್ಯಾಲೆಂಡರ್ ಪೂರ್ತಿ ತಪ್ಪುತ್ತೆ. ಕ್ಯಾಲೆಂಡರ್‌ನಲ್ಲಿ ಅಮ್ಮನದು 19:00ಕ್ಕೆ, ಅಲಾರಂ 6:30ಕ್ಕೇ ಕಂಡ್ರೆ ಎರಡೂ ಸರಿ ಇವೆ. ಆಮೇಲೆ ಆಟೋಮ್ಯಾಟಿಕ್‌ಗೆ ವಾಪಸ್ ಹಾಕೋದು ಮರೀಬೇಡ.